ಸಾಕಿದ ನಾಯಿ-ಬೆಕ್ಕು ಸತ್ತ ಮನೆಯವ್ರಿಗೆ ಸಮಾಧಾನ ಹೇಳೋದು ಹೇಗೆ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಮನುಷ್ಯರು ಸತ್ರೆ ಏನು ಮಾಡ್ಬೇಕು ಅಂತ ನಮಗೆಲ್ಲ ಗೊತ್ತು. ಹೋಗಿ ಕೂತ್ಕೋತೀವಿ, ಮನೆಯವ್ರಿಗೆ ಒಂದು ಲೋಟ ಕಾಫಿನಾದ್ರೂ ಕುಡಿಸ್ತೀವಿ, ಹನ್ನೊಂದನೇ ದಿನಕ್ಕೆ ಇನ್ನೊಂದ್ಸಲ ಹೋಗ್ತೀವಿ. ಅದೇ ಸ್ನೇಹಿತರ ಮನೆ ನಾಯಿ ಸತ್ರೆ ಅಲ್ಲಿವರೆಗೂ ಸರಿಯಾಗಿದ್ದವ್ರೂ ತಡಬಡಾಯಿಸಿ, "ಅಯ್ಯೋ ಹೌದಾ, ಏನಾಗಿತ್ತು? ಬಿಡಿ, ಇನ್ನೊಂದು ತಗೊಳ್ಳಿ" ಅಂದ್ಬಿಡ್ತಾರೆ, ಆಮೇಲೆ ಆ ಸ್ನೇಹಿತರು ಆರು ತಿಂಗಳು ಸರಿಯಾಗಿ ಮಾತಾಡ್ದೆ ಇದ್ರೆ ಯಾಕೆ ಅಂತಾನೂ ಗೊತ್ತಾಗಲ್ಲ. ಎಲ್ರೂ ಎಡವೋದು ಹೆಚ್ಚುಕಮ್ಮಿ ಇದೇ ಜಾಗದಲ್ಲಿ. ಅದಕ್ಕೇ ಯಾವ ಮಾತು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅನ್ನೋದನ್ನ ಕ್ರಮವಾಗಿ ಬರೀತಿದೀನಿ. ಫೋನಲ್ಲಿ ಹೇಳಿ, ಮೆಸೇಜಲ್ಲಿ ಹೇಳಿ, ಎದುರಿಗೆ ಕೂತು ಹೇಳಿ, ಕ್ರಮ ಇದೇ.

## ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ

ಸಾಕಿದ ಪ್ರಾಣಿ ಕಳ್ಕೊಂಡವ್ರ ಮನಸ್ಸಲ್ಲಿ ಹಗಲೂ ರಾತ್ರಿ ಓಡ್ತಿರೋ ಮಾತು "ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ" ಅನ್ನೋದು. ಇದಕ್ಕೆ ಕಾರಣಾನೂ ಇದೆ. ಮನೆ ಅಜ್ಜನಿಗೆ ಹುಷಾರಿಲ್ಲ ಅಂದ್ರೆ ಅಜ್ಜನೇ "ಎದೆ ನೋಯ್ತಿದೆ" ಅಂತ ಹೇಳ್ತಾರೆ, ನಿರ್ಧಾರ ನಾಲ್ಕು ಜನ ಸೇರಿ ತಗೋತಾರೆ. ನಾಯಿಗೆ ಬಾಯಿ ಬರಲ್ಲ, ಯಾವಾಗ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು, ಆಪರೇಷನ್ ಮಾಡಿಸ್ಬೇಕಾ ಬೇಡ್ವಾ, ಎಷ್ಟು ಖರ್ಚು ಮಾಡ್ಬೇಕು, ಕೊನೆಗೆ ಇಂಜೆಕ್ಷನ್ ಕೊಡ್ಸಿ ಕಳಿಸಿಕೊಡ್ಬೇಕಾ, ಎಲ್ಲವನ್ನೂ ಇವ್ರೇ ನಿರ್ಧಾರ ಮಾಡಿರ್ತಾರೆ, ಸಹಿ ಹಾಕಿರ್ತಾರೆ. ಹಾಗಾಗಿ ದುಃಖದ ಜೊತೆಗೆ ತಪ್ಪಿತಸ್ಥ ಭಾವನೆಯೂ ಅಂಟ್ಕೊಂಡು ಬರುತ್ತೆ.

ಇದು ಗೊತ್ತಿದ್ರೆ ಮುಂದಿನ ಹಂತ ಎಲ್ಲಾ ತಾನಾಗೇ ಅರ್ಥ ಆಗುತ್ತೆ. "ಏನಾಗಿತ್ತು?" ಅಂತ ನೀವು ಸಹಜವಾಗಿ ಕೇಳಿದ್ದು ಅವ್ರಿಗೆ "ನೀನೇನು ಮಾಡ್ದೆ?" ಅಂತ ಕೇಳ್ಸುತ್ತೆ. "ವ್ಯಾಕ್ಸಿನ್ ಹಾಕ್ಸಿದ್ರಾ?" ಅಂತೂ ನೇರವಾಗಿ ಕೋರ್ಟಲ್ಲಿ ನಿಲ್ಸಿದ ಹಾಗೆ.

## ಕೈಲಿ ಏನಿರ್ಬೇಕು

ದೊಡ್ಡ ತಯಾರಿ ಏನಿಲ್ಲ. ಪ್ರಾಣಿಯ ಹೆಸರು ಸರಿಯಾಗಿ ಗೊತ್ತಿರ್ಬೇಕು. ಅವ್ರು ಅದನ್ನ "ಅವ್ನು", "ಅವ್ಳು" ಅಂತ ಕರೀತಿದ್ರಾ ಅಂತ ನೆನಪು ಮಾಡ್ಕೊಳ್ಳಿ, ಹಾಗೆ ಕರೀತಿದ್ರೆ ನೀವೂ ಹಾಗೇ ಕರೀಬೇಕು, "ಅದು ಹೋಯ್ತಂತೆ" ಅಂದ್ರೆ ಅಲ್ಲೇ ಕೆಡುತ್ತೆ. ಆ ಪ್ರಾಣಿ ಬಗ್ಗೆ ನಿಮ್ದೇ ಒಂದು ನೆನಪು ಬೇಕು, ಚಿಕ್ಕದಾದ್ರೂ ಸರಿ. ನಿಮ್ಮ ಚಪ್ಪಲಿ ಕಚ್ಕೊಂಡು ಹೋಗಿದ್ದೋ, ಗೇಟಿನ ಹತ್ರ ಬಂದು ಮೂಸಿ ನೋಡಿದ್ದೋ ಸಾಕು. ನೀವು ನೋಡೇ ಇಲ್ಲ ಅಂದ್ರೆ ಅವ್ರು ಕಳ್ಸಿದ್ದ ಫೋಟೋದಲ್ಲಿರೋ ಒಂದು ವಿಷಯ ನೆನಪಿಟ್ಕೊಳ್ಳಿ. ಹೇಗೆ ಸತ್ತಿದ್ದು ಅನ್ನೋದನ್ನ ಸಾಧ್ಯವಾದ್ರೆ ಮನೆಯ ಬೇರೆ ಯಾರನ್ನಾದ್ರೂ ಮೊದಲೇ ಕೇಳ್ಕೊಂಡಿರಿ, ವಯಸ್ಸಾಗಿ ಸತ್ತಿದ್ದಕ್ಕೂ ಕಾರಿಗೆ ಸಿಕ್ಕಿದ್ದಕ್ಕೂ ಇಂಜೆಕ್ಷನ್ ಕೊಡ್ಸಿದ್ದಕ್ಕೂ ಆಡೋ ಮಾತು ಬೇರೆ ಬೇರೆ.

## ಹಂತ 1: ರೇಬೀಸ್ ಅನುಮಾನ ಇದ್ರೆ ಸಮಾಧಾನ ಆಮೇಲೆ

ಹೇಗೆ ಸತ್ತಿದ್ದು, ಏನಾಗಿತ್ತು ಅಂತ ಅವ್ರನ್ನ ಕೇಳ್ಬೇಡಿ ಅನ್ನೋ ನಿಯಮಕ್ಕೆ ಇದೊಂದೇ ಅಪವಾದ, ಜೀವದ ಪ್ರಶ್ನೆ ಆಗಿರೋದ್ರಿಂದ ಮೊದಲಿಗೇ ಹಾಕಿದೀನಿ.

ಸಾಯೋಕೆ ಮುಂಚಿನ ಕೆಲವು ದಿನದಲ್ಲಿ ನಾಯಿ ಅಥವಾ ಬೆಕ್ಕಿನ ವರ್ತನೆ ಇದ್ದಕ್ಕಿದ್ದಂಗೆ ಬದಲಾಗಿತ್ತು, ಸುಮ್ ಸುಮ್ನೆ ಕಚ್ಚೋಕೆ ಬರ್ತಿತ್ತು ಅಥವಾ ಮೂಲೇಲಿ ಹೋಗಿ ಅವಿತ್ಕೋತಿತ್ತು, ಜೊಲ್ಲು ಸುರೀತಿತ್ತು, ನುಂಗೋಕಾಗ್ತಿರ್ಲಿಲ್ಲ, ಬೊಗಳೋ ದನಿ ಬೇರೆ ಥರ ಆಗಿತ್ತು, ಹಿಂಗಾಲು ಎಳೀತಿತ್ತು, ಇವುಗಳಲ್ಲಿ ಒಂದೆರಡು ಮಾತು ಕಿವಿಗೆ ಬಿದ್ರೂ ಎಚ್ಚರ ಆಗಿ. ನುಂಗೋಕಾಗ್ತಿಲ್ಲ ಅಂದ್ರೆ ಗಂಟಲಲ್ಲಿ ಮೂಳೆ ಸಿಕ್ಕಾಕ್ಕೊಂಡಿರ್ಬೇಕು ಅಂತ ಎಷ್ಟೋ ಮನೇಲಿ ಬಾಯೊಳಗೆ ಕೈ ಹಾಕಿ ನೋಡಿರ್ತಾರೆ, ಕಚ್ಚೇ ಇಲ್ವಲ್ಲ ಅಂತ ಸುಮ್ನಿರ್ತಾರೆ. ಗಾಯ ಇರೋ ಕೈಗೆ ಜೊಲ್ಲು ತಾಗಿದ್ರೂ ಅಪಾಯಾನೇ.

ಆಗ ಮೆತ್ತಗೆ, ಆದ್ರೆ ಸುತ್ತಿ ಬಳಸದೆ ಹೇಳಿ: "ಅವ್ನಿಗೆ ಏನಾಗಿತ್ತೋ ಡಾಕ್ಟ್ರು ಹೇಳ್ತಾರೆ, ಈಗ ನಿಮ್ಮ ಬಗ್ಗೆ ಒಂದು ಮಾತು. ಯಾರಿಗಾದ್ರೂ ಕಚ್ಚಿದ್ನಾ, ಪರಚಿದ್ನಾ, ಬಾಯಿಗೆ ಕೈ ಹಾಕಿದ್ರಾ?" ಹೌದು ಅಂದ್ರೆ ಆ ಜಾಗನ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀಬೇಕು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಎರಡು ದಿನ ಆಗೋಗಿದೆ ಅಂತಾನೂ ಬಿಡೋ ಹಾಗಿಲ್ಲ. ರೋಗದ ಲಕ್ಷಣ ಶುರುವಾದ್ಮೇಲೆ ರೇಬೀಸಿಗೆ ಮದ್ದಿಲ್ಲ, ಅದಕ್ಕೆ ಮುಂಚೆ ವ್ಯಾಕ್ಸಿನ್ ಕೆಲಸ ಮಾಡುತ್ತೆ. ಡಾಕ್ಟ್ರು ಹೇಳಿದ ಅಷ್ಟೂ ಡೋಸ್ ಮುಗಿಸ್ಬೇಕು, ದುಃಖದಲ್ಲಿ ಮೂರನೇ ಡೋಸ್ ಮರ್ತೋಗುತ್ತೆ, ಆ ತಾರೀಖು ನೀವು ನೆನಪಿಟ್ಕೊಳ್ಳಿ.

ಇಂಥ ಅನುಮಾನ ಏನೂ ಇಲ್ದಿದ್ರೆ ಈ ಹಂತ ಬಿಟ್ಟು ಮುಂದೆ ಹೋಗಿ.

## ಹಂತ 2: ಮೊದಲ ಮಾತು ಚಿಕ್ಕದಾಗಿರ್ಲಿ, ಹೆಸರು ಇರ್ಲಿ

ಮೊದಲ ಮಾತಲ್ಲಿ ಮೂರೇ ವಿಷಯ ಬರ್ಬೇಕು: ಪ್ರಾಣಿಯ ಹೆಸರು, ನಿಮ್ದೊಂದು ನೆನಪು, ಅವ್ರು ಉತ್ತರ ಕೊಡ್ಲೇಬೇಕು ಅಂತಿಲ್ಲ ಅನ್ನೋ ಬಿಡುವು. ಒಂದು ಉದಾಹರಣೆ ಇಟ್ಕೊಳ್ಳೋಣ, ಇದನ್ನೇ ಮುಂದಿನ ಹಂತಗಳಲ್ಲೂ ಬಳಸ್ತೀನಿ. ನಿಮ್ಮ ಆಫೀಸಲ್ಲಿ ಒಬ್ರು ಅಕ್ಕ ಇದಾರೆ, ಅವ್ರ ಮನೇಲಿ ಕೆಂಚ ಅಂತ ಬೀದಿಯಿಂದ ತಂದು ಸಾಕಿದ ನಾಯಿ, ಹನ್ನೊಂದು ವರ್ಷ. ಕಿಡ್ನಿ ಹೋಗಿ ಮೂರು ವಾರ ದಿನಾ ಡ್ರಿಪ್ ಹಾಕ್ಸಿದ್ರು, ಕೊನೆಗೆ ಡಾಕ್ಟ್ರು ಇನ್ನು ಆಗಲ್ಲ ಅಂದ್ರು, ಇಂಜೆಕ್ಷನ್ ಕೊಡ್ಸಿದ್ರು. ರಾತ್ರಿ ನಿಮಗೆ ಸುದ್ದಿ ಬಂತು.

ಹೀಗೆ ಹೇಳಬಹುದು: "ಅಕ್ಕಾ, ಕೆಂಚನ ವಿಷಯ ಈಗ ಗೊತ್ತಾಯ್ತು, ತುಂಬಾ ಸಂಕಟ ಆಯ್ತು. ನಾನು ಮನೆಗೆ ಬಂದಾಗೆಲ್ಲ ಮೊದಲು ಬ್ಯಾಗ್ ಮೂಸಿ, ಬಿಸ್ಕೆಟ್ ಇಲ್ಲ ಅಂತ ಖಾತ್ರಿ ಆದ್ಮೇಲೇ ನನ್ನ ಮುಖ ನೋಡ್ತಿದ್ದ. ಈಗ ಉತ್ತರ ಕೊಡೋದೇನೂ ಬೇಡ, ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ, ಎತ್ತೋಕೆ ಮನಸ್ಸಿಲ್ಲ ಅಂದ್ರೆ ಎತ್ಬೇಡಿ."

ಬ್ಯಾಗ್ ಮೂಸೋ ಮಾತು ಯಾಕೆ ಬೇಕು ಅಂದ್ರೆ, ಅದು ಕೆಂಚನಿಗೆ ಮಾತ್ರ ಸರಿಹೊಂದೋ ಮಾತು. "ಓಂ ಶಾಂತಿ", "ಆತ್ಮಕ್ಕೆ ಶಾಂತಿ ಸಿಗಲಿ" ಅನ್ನೋದು ತಪ್ಪೇನಲ್ಲ, ಆದ್ರೆ ಅದೊಂದನ್ನೇ ಹಾಕಿ ಬಿಟ್ರೆ ಯಾರ ಸಾವಿಗಾದ್ರೂ ಹಾಕಬಹುದಾದ ಮಾತಾಗುತ್ತೆ. ಅವ್ರ ಭಯ ಏನಂದ್ರೆ ಕೆಂಚ ಅನ್ನೋನು ಇದ್ದ ಅಂತ ತಮ್ಮನ್ನ ಬಿಟ್ರೆ ಇನ್ಯಾರಿಗೂ ನೆನಪಿರಲ್ಲ ಅನ್ನೋದು, ನಿಮ್ಮ ಒಂದು ನೆನಪು ಅದಕ್ಕೆ ನೇರ ಉತ್ತರ.

ಒಂದು ಸಾಮಾನ್ಯ ತಪ್ಪು ಇಲ್ಲೇ ಆಗುತ್ತೆ. ನಮ್ಮನೇಲೂ ಒಂದು ನಾಯಿ ಇತ್ತು, ಅದೂ ಹೀಗೇ ಹೋಯ್ತು, ನಾನೂ ಒಂದು ವಾರ ಊಟ ಮಾಡಿರ್ಲಿಲ್ಲ ಅಂತ ಶುರು ಮಾಡಿದ್ರೆ ಐದು ನಿಮಿಷದಲ್ಲಿ ಅವ್ರೇ ನಿಮಗೆ ಸಮಾಧಾನ ಹೇಳ್ತಾ ಕೂತಿರ್ತಾರೆ. ನಿಮ್ಮ ಅನುಭವ ಒಂದು ವಾಕ್ಯ ಮೀರ್ಬಾರ್ದು. ಅವ್ರಾಗೇ "ನಿಮಗೂ ಹೀಗಾಗಿತ್ತಾ?" ಅಂತ ಕೇಳಿದ್ರೆ ಧಾರಾಳವಾಗಿ ಹೇಳಿ.

## ಹಂತ 3: ಕೊನೆ ದಿನದ ಕಥೆ ಅವ್ರು ಹೇಳ್ಲಿ, ನೀವು ಎಳೀಬೇಡಿ

ಮಾತು ಶುರುವಾದ್ಮೇಲೆ ಹೆಚ್ಚಿನವ್ರು ಕೊನೆಯ ದಿನವನ್ನ ಮತ್ತೆ ಮತ್ತೆ ಹೇಳ್ತಾರೆ. ಬೆಳಗ್ಗೆ ನೀರು ಕುಡೀಲಿಲ್ಲ, ಆಟೋ ಸಿಗಲಿಲ್ಲ, ಡಾಕ್ಟ್ರು ಲೇಟಾಗಿ ಬಂದ್ರು, ಹೀಗೆ. ಒಂದೇ ಕಥೆ ನಾಲ್ಕು ಸಲ ಬಂದ್ರೆ ನಾಲ್ಕು ಸಲಾನೂ ಕೇಳಿಸ್ಕೊಳ್ಳಿ, ಒಂದೊಂದ್ಸಲ ಒಂದೊಂದು ಹೊಸ ವಿವರ ಸೇರ್ಕೊಳ್ಳುತ್ತೆ, ಅವ್ರ ಮನಸ್ಸಿಗೆ ಚುಚ್ಚಿರೋದು ಯಾವುದು ಅಂತ ನಿಮಗೆ ಗೊತ್ತಾಗೋದೇ ಹಾಗೆ.

ನಿಮಗೆ ಕೇಳ್ಬೇಕು ಅನ್ಸಿದ್ರೆ ಬದುಕಿದ್ದಾಗಿನದ್ದು ಕೇಳಿ. ಕೆಂಚ ಅನ್ನೋ ಹೆಸರು ಯಾರಿಟ್ಟಿದ್ದು, ಮನೇಲಿ ಯಾರ ಹತ್ರ ಜಾಸ್ತಿ ಸಲಿಗೆ, ಎಲ್ಲಿ ಮಲಗ್ತಿದ್ದ. ರಿಪೋರ್ಟು, ಖರ್ಚು, ಯಾವ ಡಾಕ್ಟ್ರು, ಎರಡನೇ ಡಾಕ್ಟ್ರಿಗೆ ತೋರ್ಸಿದ್ರಾ, ಇವೆಲ್ಲ ಬಾಯಿಗೆ ಬಂದ್ರೂ ನುಂಗ್ಕೊಳ್ಳಿ. ಅದ್ರಲ್ಲೂ "ನಮ್ಮ ಏರಿಯಾದಲ್ಲಿ ಒಬ್ರು ಒಳ್ಳೆ ಡಾಕ್ಟ್ರಿದ್ರು, ಮೊದಲೇ ಹೇಳಿದ್ರೆ ನಂಬರ್ ಕೊಡ್ತಿದ್ದೆ" ಅನ್ನೋ ಮಾತು. ಸಹಾಯದ ಮಾತು ಅಂತಾನೇ ಜನ ಆಡ್ತಾರೆ, ಕೇಳಿಸ್ಕೊಂಡವ್ರು ವರ್ಷಗಟ್ಟಲೆ ಅದನ್ನ ಎದೇಲಿಟ್ಕೊಂಡು ಓಡಾಡ್ತಾರೆ.

## ಹಂತ 4: "ತಪ್ಪು ನಂದೇ" ಅಂದಾಗ ಏನು ಹೇಳ್ಬೇಕು

ಇಡೀ ಕೆಲಸದಲ್ಲಿ ಕಷ್ಟದ ಹಂತ ಇದು, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಯಾರಾದ್ರೂ "ನಾನೇ ಕೊಂದ್ಬಿಟ್ಟೆ" ಅಂದ್ರೆ ನಮ್ಮ ಬಾಯಿಂದ ತಕ್ಷಣ ಬರೋದು "ಛೆ ಛೆ, ಹಾಗೆಲ್ಲ ಅನ್ಕೋಬೇಡಿ". ಇದು ಕೆಲಸ ಮಾಡಲ್ಲ, ಯಾಕಂದ್ರೆ ಅವ್ರ ಕೈಲಿ ಸಾಕ್ಷಿ ಇದೆ (ಎರಡು ವಾರ ತಡ ಮಾಡಿದ್ದು, ಸಹಿ ಹಾಕಿದ್ದು), ನಿಮ್ಮ ಕೈಲಿ ಬರೀ ಸಮಾಧಾನ ಇದೆ. ಮೊದಲು ಭಾವನೆ ಒಪ್ಕೊಳ್ಳಿ, ಆಮೇಲೆ ನಿರ್ದಿಷ್ಟವಾಗಿ ಯಾವುದು ಚುಚ್ತಿದೆ ಅಂತ ಕೇಳಿ, ಅದಕ್ಕೆ ನಿಮಗೆ ಖಚಿತವಾಗಿ ಗೊತ್ತಿರೋ ಉತ್ತರ ಇದ್ರೆ ಮಾತ್ರ ಕೊಡಿ. ಕ್ರಮ ತಿರುಗಾಮುರುಗಾ ಆದ್ರೆ ನೀವು ವಾದ ಮಾಡ್ತಿದೀರ ಅನ್ಸುತ್ತೆ.

ಕೆಂಚನ ಅಕ್ಕನ ವಿಷಯಕ್ಕೇ ಬರೋಣ. ಅವ್ರು ಹೇಳ್ತಾರೆ, "ಎರಡು ತಿಂಗಳಿಂದ ಜಾಸ್ತಿ ನೀರು ಕುಡೀತಿದ್ದ, ಬೇಸಿಗೆ ಅಲ್ವಾ ಅಂತ ಬಿಟ್ಬಿಟ್ಟೆ, ಆಗ್ಲೇ ತೋರ್ಸಿದ್ರೆ ಉಳೀತಿದ್ದ."

ಮೊದಲು: "ಆ ಬೇಸಿಗೆ ದಿನಗಳೇ ಕಣ್ಮುಂದೆ ಬರ್ತಿವೆ ಅಲ್ವಾ ಅಕ್ಕಾ." ಇಷ್ಟೇ. ಅವ್ರು ಇನ್ನೊಂದಿಷ್ಟು ಹೇಳ್ಲಿ. ಆಮೇಲೆ, ಅದೇ ದಿನ ಆಗ್ಬೇಕು ಅಂತಾನೂ ಇಲ್ಲ, ಒಂದು ನಿಜ ಹೇಳಬಹುದು. ನಾಯಿಗಳಲ್ಲಿ ಕಿಡ್ನಿ ನಿಧಾನವಾಗಿ ಹಾಳಾಗೋ ಕಾಯಿಲೆ ಬಹಳ ದಿನ ಹೊರಗೆ ಕಾಣಲ್ಲ, ಮಾಮೂಲಿ ರಕ್ತಪರೀಕ್ಷೇಲಿ ನೋಡೋ ಕ್ರಿಯಾಟಿನೈನ್ ಮೇಲೇರೋ ಹೊತ್ತಿಗೆ ಕಿಡ್ನಿಯ ಕೆಲಸ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಹೋಗಿರುತ್ತೆ. ಹೋದ ಭಾಗ ವಾಪಸ್ ಬರಲ್ಲ. ಮುಂಚೆ ಗೊತ್ತಾಗಿದ್ರೆ ಊಟ ಬದಲಾಯಿಸಿ ಸ್ವಲ್ಪ ಕಾಲ ಎಳೀಬಹುದಿತ್ತೇನೋ, ಆದ್ರೆ ಕಾಯಿಲೆ ಬಂದಿದ್ದು ಅಕ್ಕ ಆ ಎರಡು ತಿಂಗಳು ಸುಮ್ನಿದ್ದಿದ್ದಕ್ಕಲ್ಲ. ಗಮನಿಸಿ, ಇಲ್ಲಿ "ಏನು ಮಾಡಿದ್ರೂ ಒಂದೇ ಆಗ್ತಿತ್ತು" ಅಂತ ಸುಳ್ಳು ಹೇಳಿಲ್ಲ. ಅವ್ರು ನಾಳೆ ಗೂಗಲ್ ಮಾಡ್ತಾರೆ, ನೀವು ಹೇಳಿದ್ದು ಉತ್ಪ್ರೇಕ್ಷೆ ಅಂತ ಗೊತ್ತಾದ್ರೆ ಉಳಿದ ಮಾತೆಲ್ಲ ಕರಗೋಗುತ್ತೆ.

ಇಂಜೆಕ್ಷನ್ ಕೊಡ್ಸಿದವ್ರ ನೋವು ಇನ್ನೊಂದು ಥರ. ತುಂಬಾ ಜನ ಬಾಯಿ ಬಿಟ್ಟು ಹೇಳ್ದೇ ಇರೋ ಒಂದು ವಿಷಯ ಇದೆ: ಕೊನೇಲಿ ಕಣ್ಣು ಮುಚ್ಚಲಿಲ್ಲ, ಸತ್ತ ಅಂತ ಡಾಕ್ಟ್ರು ಹೇಳಿದ್ಮೇಲೂ ಒಂದೆರಡ್ಸಲ ಜೋರಾಗಿ ಉಸಿರು ಎಳೆದ, ಕಾಲು ಅದುರ್ತು. ಅಂದ್ರೆ ಜೀವ ಇತ್ತಾ, ನೋವಾಯ್ತಾ, ನನ್ನ ನೋಡ್ತಿದ್ನಾ ಅಂತ ರಾತ್ರಿಯೆಲ್ಲ ಯೋಚನೆ. ಇದಕ್ಕೆ ಖಚಿತ ಉತ್ತರ ಇದೆ. ಆ ಇಂಜೆಕ್ಷನ್ ಅಂದ್ರೆ ಅರಿವಳಿಕೆ ಔಷಧಾನೇ ಬಹಳ ಜಾಸ್ತಿ ಪ್ರಮಾಣದಲ್ಲಿ ಕೊಡೋದು, ಮೊದಲು ಪ್ರಜ್ಞೆ ಹೋಗುತ್ತೆ, ಅದಾದ್ಮೇಲೆ ಉಸಿರು, ಆಮೇಲೆ ಹೃದಯ ನಿಲ್ಲುತ್ತೆ. ನಾಯಿ ಬೆಕ್ಕು ಸತ್ತಾಗ ಸಾಮಾನ್ಯವಾಗಿ ಕಣ್ಣು ತೆರೆದೇ ಇರುತ್ತೆ, ಆ ಉಸಿರು ಎಳೆದದ್ದು, ಅದುರಿದ್ದು, ಮೂತ್ರ ಹೋಗಿದ್ದು ಎಲ್ಲಾ ಪ್ರಜ್ಞೆ ಹೋದ್ಮೇಲೆ ದೇಹ ತಾನಾಗೇ ಮಾಡೋದು. ಕ್ಲಿನಿಕ್ಕಲ್ಲಿ ಇದನ್ನ ಮುಂಚೆನೇ ಹೇಳಿದ್ರೆ ಎಷ್ಟೋ ಜನರ ನಿದ್ದೆ ಉಳೀತಿತ್ತು, ಗಡಿಬಿಡೀಲಿ ಹೇಳಿರಲ್ಲ. ಅವ್ರು ಕೇಳಿದ್ರೆ ನೀವು ಹೇಳಿ, ಅಥವಾ "ಡಾಕ್ಟ್ರಿಗೇ ಒಂದು ಫೋನ್ ಮಾಡಿ ಕೇಳೋಣ್ವಾ, ನಾನು ಜೊತೇಲಿರ್ತೀನಿ" ಅನ್ನಿ. ಅವ್ರಾಗೇ ಈ ಮಾತು ತೆಗೀದಿದ್ರೆ ನೀವಾಗೇ ಎತ್ಬೇಡಿ, ಇಲ್ಲದ ಹೊಸ ಚಿತ್ರ ಒಂದು ತಲೇಲಿ ಬಿತ್ತಿದಂಗಾಗುತ್ತೆ.

ಮತ್ತೆ, ನಿಜಕ್ಕೂ ತಪ್ಪಾಗಿರೋ ಸಂದರ್ಭಾನೂ ಇರುತ್ತೆ. ಗೇಟು ತೆರೆದಿಟ್ಟಿದ್ರು, ನಾಯಿ ರಸ್ತೆಗೆ ಓಡ್ತು, ಲಾರಿ ಬಂತು. ಜ್ವರದ ಗುಳಿಗೆ ಅಂತ ಮನೇಲಿದ್ದ ಪ್ಯಾರಾಸಿಟಮಾಲ್ ಬೆಕ್ಕಿಗೆ ಕೊಟ್ರು, ಅದು ಬೆಕ್ಕಿಗೆ ವಿಷ, ಒಂದು ಗುಳಿಗೇನೂ ಸಾಕು. ಇಂಥ ಕಡೆ "ನಿಮ್ಮ ತಪ್ಪೇನಿಲ್ಲ" ಅಂದ್ರೆ ಅವ್ರು ನಂಬಲ್ಲ, ನೀವು ವಿಷಯ ಮುಚ್ಚಾಕೋಕೆ ನೋಡ್ತಿದೀರ ಅನ್ಕೋತಾರೆ. "ಗೇಟು ತೆರೆದಿತ್ತು, ಹೌದು. ಬೇಕಂತ ಮಾಡಿದ್ದಲ್ಲ, ಅದೂ ಹೌದು" ಅಂತ ಎರಡೂ ನಿಜವನ್ನ ಪಕ್ಕಪಕ್ಕ ಇಡಿ, ಮುಂದಕ್ಕೆ ವಿವರಣೆ ಬೇಡ. ಮನೆಯೊಳಗೆ ಯಾರು ಗೇಟು ತೆರೆದಿದ್ದು ಅಂತ ಜಗಳ ನಡೀತಿದ್ರೆ ಒಬ್ಬರ ಪರ ಮಾತ್ರ ವಹಿಸ್ಬೇಡಿ, ತೆರೆದವ್ರು ಆ ಮನೆಯ ಮಗು ಆಗಿದ್ರಂತೂ ಆ ಮಗುವಿನ ಹತ್ರ ಪ್ರತ್ಯೇಕವಾಗಿ ಕೂತು ಮಾತಾಡಿ.

## ಹಂತ 5: ಕೈಯಿಂದ ಮಾಡೋ ಕೆಲಸ

"ಏನಾದ್ರೂ ಬೇಕಿದ್ರೆ ಹೇಳಿ" ಅಂದ್ರೆ ಯಾರೂ ಹೇಳಲ್ಲ. ಕೆಲಸ ಹೆಸರಿಟ್ಟು ಹೇಳಿ.

ಸಾವಾದ ಕೆಲವೇ ಗಂಟೇಲಿ ದೇಹ ಸೆಟೆದ್ಕೊಳ್ಳುತ್ತೆ, ಅದಕ್ಕೆ ಮುಂಚೆ ಮಲಗೋ ಭಂಗೀಲಿ ಕಾಲು ಮಡಿಸಿ, ಅವ್ನು ಮಲಗ್ತಿದ್ದ ಬೆಡ್‌ಶೀಟಲ್ಲೇ ಸುತ್ತಿ ಇಟ್ರೆ ಆಮೇಲೆ ಎತ್ತೋದೂ ಸುಲಭ, ನೋಡೋರಿಗೂ ಅಷ್ಟು ಸಂಕಟ ಆಗಲ್ಲ. ಕೆಳಗೆ ಒಂದು ಹಳೇ ಟವೆಲ್ ಅಥವಾ ಪ್ಲಾಸ್ಟಿಕ್ ಹಾಕಿ, ದ್ರವ ಹೊರಗೆ ಬರುತ್ತೆ. ಇದನ್ನ ಮನೆಯವ್ರೇ ಮಾಡ್ತೀವಿ ಅಂದ್ರೆ ಪಕ್ಕದಲ್ಲಿ ನಿಂತ್ಕೊಳ್ಳಿ, ಆಗಲ್ಲ ಅಂದ್ರೆ ನೀವು ಮಾಡಿ. ಸ್ವಂತ ಜಾಗ ಇದ್ರೆ ಗುಂಡಿ ಕನಿಷ್ಠ ಮೂರು ನಾಲ್ಕು ಅಡಿ ಆಳ ಇರ್ಬೇಕು, ಬಾವಿ ಬೋರ್‌ವೆಲ್‌ನಿಂದ ದೂರ ಇರ್ಬೇಕು, ಇಂಜೆಕ್ಷನ್ ಕೊಟ್ಟಿದ್ರೆ ಇನ್ನೂ ಜಾಗ್ರತೆ, ಆ ಔಷಧಿ ದೇಹದಲ್ಲೇ ಉಳಿಯುತ್ತೆ, ಬೇರೆ ಪ್ರಾಣಿ ಅಗೆದು ತಿಂದ್ರೆ ಅದಕ್ಕೂ ಅಪಾಯ. ಫ್ಲ್ಯಾಟಲ್ಲಿರೋರಿಗೆ ಇದ್ಯಾವುದೂ ಆಗಲ್ಲ, ಊರಿನ ಪಾಲಿಕೆಗೋ ಪ್ರಾಣಿದಯಾ ಸಂಸ್ಥೆಗೋ ಫೋನ್ ಮಾಡಿ ಕೇಳ್ಬೇಕು. ಬೆಂಗಳೂರಲ್ಲಿ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವ್ರ ಸ್ಮಶಾನ ಇದೆ. ಆ ಫೋನ್ ಕಾಲ್ ಮಾಡೋದೇ ಮನೆಯವ್ರಿಗೆ ಆಗದ ಕೆಲಸ, ಅದನ್ನ ನೀವು ತಗೊಳ್ಳಿ.

ಬಟ್ಟಲು, ಬೆಲ್ಟು, ಮಲಗೋ ಗೋಣಿಚೀಲ ಇವನ್ನ ಕೇಳ್ದೆ ತೊಳೀಬೇಡಿ, ಎತ್ತಿಡ್ಬೇಡಿ. ಕಣ್ಣಿಗೆ ಕಾಣ್ಬಾರ್ದು ಅಂತ ಒಳ್ಳೇ ಮನಸ್ಸಿಂದ ಎಸೆದುಬಿಟ್ಟವ್ರು ಎಷ್ಟೋ ಜನ, ಆಮೇಲೆ ಕೂದಲು ಅಂಟಿದ್ದ ಆ ಚೀಲಕ್ಕೋಸ್ಕರ ಮನೆಯವ್ರು ಕಸದ ಗಾಡಿ ಹಿಂದೆ ಓಡೋದು.

ಹಳ್ಳಿ ಕಡೆ ಹಸು, ಎತ್ತು ಸತ್ತಾಗ ಇನ್ನೊಂದು ತೊಡಕಿದೆ. ಕರು ಆಗಿದ್ದಾಗಿಂದ ಕೈತುತ್ತು ಹಾಕಿ ಬೆಳೆಸಿದ ಹಸು ಅದು, ಬಂದವ್ರೆಲ್ಲ "ಎಷ್ಟು ಸಾವಿರದ್ದು, ಎಷ್ಟು ಲೀಟರ್ ಕೊಡ್ತಿತ್ತು" ಅಂತ ಶುರು ಮಾಡ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟೋ ಕೊಟ್ಟಿಗೇಲಿ ಇದೇ ಮಾತು. ನಷ್ಟ ನಿಜಾನೇ, ಆದ್ರೆ ಮೊದಲ ಮಾತು ಅದಾಗ್ಬಾರ್ದು. ಹಾಗಂತ ವಿಮೆ ವಿಷಯ ಬಿಡೋ ಹಾಗೂ ಇಲ್ಲ, ಯಾಕಂದ್ರೆ ವಿಮೆಗೆ ಅಂತ ಹಸುವಿನ ಕಿವಿಗೆ ಹಾಕಿರೋ ನಂಬರ್ ಓಲೆ ಕಳೆದ್ರೆ ಕ್ಲೇಮ್ ಸಿಗಲ್ಲ, ಪಶುವೈದ್ಯರು ಬಂದು ನೋಡೋ ಮುಂಚೆ ಹೂತ್ರೂ ಸಿಗಲ್ಲ. ಇದನ್ನ ಅಳ್ತಾ ಕೂತಿರೋ ಅಮ್ಮನ ಹತ್ರ ಹೇಳ್ಬೇಡಿ, ಮನೆಯ ಇನ್ನೊಬ್ರನ್ನ ಆಚೆ ಕರೆದು "ಓಲೆ ಹಾಗೇ ಇರ್ಲಿ, ಡಾಕ್ಟ್ರಿಗೆ ನಾನು ಫೋನ್ ಮಾಡ್ತೀನಿ" ಅನ್ನಿ.

## ಹಂತ 6: ಮನೇಲಿ ಮಕ್ಕಳಿದ್ರೆ

"ಕೆಂಚ ನಿದ್ದೆ ಮಾಡ್ತಿದಾನೆ" ಅಂದ್ರೆ ನಾಲ್ಕು ವರ್ಷದ ಮಗು ರಾತ್ರಿ ತಾನು ಮಲಗೋಕೆ ಹೆದರುತ್ತೆ. "ಊರಿಗೆ ಕಳ್ಸಿದೀವಿ" ಅಂದ್ರೆ ಪ್ರತಿ ಭಾನುವಾರ ಊರಿಗೆ ಹೋಗೋಣ ಅನ್ನುತ್ತೆ, ಒಂದಿನ ನಿಜ ಗೊತ್ತಾದಾಗ ಎಲ್ರೂ ಸೇರಿ ಮೋಸ ಮಾಡಿದ್ರು ಅನ್ಸುತ್ತೆ. ನೇರವಾಗಿ ಹೇಳಿ: "ಕೆಂಚ ಸತ್ತೋದ ಪುಟ್ಟಾ. ಅವ್ನಿಗೆ ತುಂಬಾ ಹುಷಾರಿರ್ಲಿಲ್ಲ. ಇನ್ನು ಉಸಿರಾಡಲ್ಲ, ನೋವೂ ಆಗಲ್ಲ, ವಾಪಸ್ ಬರಲ್ಲ." ಎರಡು ದಿನ ಬಿಟ್ಟು "ಕೆಂಚ ಯಾವಾಗ ಬರ್ತಾನೆ" ಅಂತ ಮತ್ತೆ ಕೇಳಿದ್ರೆ ಗಾಬರಿ ಬೇಡ, ಸಾವು ಅಂದ್ರೆ ಮತ್ತೆ ಬರಲ್ಲ ಅನ್ನೋದು ಆ ವಯಸ್ಸಿಗೆ ಒಂದೇ ಸಲಕ್ಕೆ ಇಳಿಯಲ್ಲ, ಅದೇ ಮಾತಲ್ಲಿ ಅದೇ ಉತ್ತರ ಕೊಡಿ. "ನಾನು ಬಾಲ ಎಳೆದಿದ್ದಕ್ಕೆ ಸತ್ತೋದ್ನಾ?" ಅಂತ ಮಕ್ಕಳು ಒಳಗೊಳಗೇ ಅನ್ಕೊಂಡಿರ್ತಾರೆ, ಕೇಳ್ದಿದ್ರೂ "ನೀನು ಮಾಡಿದ್ದು ಯಾವುದರಿಂದಾನೂ ಅಲ್ಲ" ಅಂತ ಒಂದು ಮಾತು ಸೇರ್ಸಿ.

## ಆಡ್ಬಾರದ ಮಾತುಗಳು, ಯಾಕೆ ಅನ್ನೋದರ ಸಮೇತ

"ನಾಯಿ ತಾನೇ" ಅನ್ನೋದನ್ನ ಓದ್ತಿರೋ ನೀವು ಆಡಲ್ಲ ಬಿಡಿ. ಆದ್ರೆ ಇದೇ ಮಾತು ವೇಷ ಹಾಕ್ಕೊಂಡು ಬರುತ್ತೆ: "ಸದ್ಯ, ಮನೆಯವ್ರಿಗೇನೂ ಆಗಲಿಲ್ವಲ್ಲ", "ನಿಮ್ಮ ಮೇಲೆ ಬರೋದನ್ನ ಅದು ತಗೊಂಡು ಹೋಯ್ತು". ಎರಡನೇದು ನಮ್ಮ ಕಡೆ ಬಹಳ ಜನ ಪ್ರೀತಿಯಿಂದಾನೇ ಹೇಳ್ತಾರೆ. ಕೆಲವ್ರಿಗೆ ಅದ್ರಿಂದ ಸಮಾಧಾನಾನೂ ಆಗುತ್ತೆ, ಆದ್ರೆ ಅವ್ರಾಗೇ ಹೇಳಿದಾಗ ಹೌದು ಅನ್ನಿ, ನೀವಾಗೇ ಹೇಳ್ಬೇಡಿ, ಮೊದಲೇ ತಪ್ಪಿತಸ್ಥ ಭಾವನೇಲಿರೋರಿಗೆ "ನನ್ನಿಂದ ಸತ್ತ" ಅನ್ನೋಕೆ ಅದೊಂದು ಹೊಸ ಕಾರಣ ಆಗ್ಬಿಡುತ್ತೆ. ಧರ್ಮರಾಯನ ಜೊತೆ ಸ್ವರ್ಗದ ಬಾಗಿಲವರೆಗೂ ಹೋದ ನಾಯಿ ಕಥೆನೂ ಹಾಗೇ, ಎರಡನೇ ವಾರದಲ್ಲಿ ಹೇಳಿದ್ರೆ ಚೆಂದ, ಮೊದಲ ದಿನ ಹೇಳಿದ್ರೆ ಪ್ರವಚನ.

"ಇನ್ನೊಂದು ಮರಿ ತಂದ್ಕೊಡ್ತೀನಿ" ಅನ್ನೋದು ಮನಸ್ಸಿಗೆ ಚುಚ್ಚೋದಷ್ಟೇ ಅಲ್ಲ, ಕೆಲವು ಸಲ ನಿಜಕ್ಕೂ ಅಪಾಯ. ಮರಿ ಪಾರ್ವೊ ಅನ್ನೋ ವಾಂತಿಭೇದಿ ರೋಗದಿಂದ ಸತ್ತಿದ್ರೆ ಆ ವೈರಸ್ ನೆಲದಲ್ಲಿ, ಬಟ್ಟಲಲ್ಲಿ, ಅಂಗಳದ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಸೋಪು ಫಿನಾಯಿಲ್‌ಗೆಲ್ಲ ಜಗ್ಗಲ್ಲ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಸೇರ್ಸಿ, ಮೊದಲು ಗಲೀಜು ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಸಿದ್ರೆ ಸಾಯುತ್ತೆ, ಆದ್ರೆ ಮಣ್ಣಲ್ಲಿರೋದಕ್ಕೆ ಇದೂ ಸಾಲಲ್ಲ. ವ್ಯಾಕ್ಸಿನ್ ಪೂರ್ತಿ ಆಗದ ಮರಿಯನ್ನ ಆ ಮನೆಗೆ ತಂದ್ಬಿಟ್ರೆ ಒಂದು ವಾರಕ್ಕೆ ಎರಡನೇ ಸಾವು.

ಇನ್ನು ಹೊರಗಿನೋರು ಯಾರಾದ್ರೂ ನಕ್ಕಾಗ. ನಾಯಿಗೆ ತಿಥಿ ಮಾಡ್ತಾರಂತೆ, ಫೋಟೋಗೆ ಹಾರ ಹಾಕಿದಾರಂತೆ ಅಂತ ನೆಂಟರು ಕುಹಕ ಆಡಿದ್ರೆ ಅವ್ರ ಬಾಯಿ ಮುಚ್ಸೋದೂ ನಿಮ್ಮ ಕೆಲಸಾನೇ. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಹತ್ತನೇ ಶತಮಾನದಲ್ಲೇ, ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ಬೇಟೆನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟಿದ್ರು, ಶಾಸನ ಈಗ್ಲೂ ಬೆಂಗಳೂರಿನ ಮ್ಯೂಸಿಯಮ್ಮಲ್ಲಿದೆ. ನಕ್ಕವ್ರಿಗೆ ಇದನ್ನ ಹೇಳಿ. ಅಳ್ತಿರೋರಿಗೆ ಇತಿಹಾಸದ ಪಾಠ ಬೇಡ.

## ಹಂತ 7: ಎರಡನೇ ವಾರ ಮತ್ತೆ ಹೋಗಿ

ಮೊದಲ ಮೂರು ದಿನ ಎಲ್ರೂ ಫೋನ್ ಮಾಡ್ತಾರೆ, ಆಮೇಲೆ ಎಲ್ರೂ ಮರೀತಾರೆ. ಆಫೀಸಲ್ಲಿ ಇದಕ್ಕೆ ರಜೆ ಇಲ್ಲ, ಅವ್ರು ಮುಖ ತೊಳ್ಕೊಂಡು ಕೆಲಸಕ್ಕೆ ಬಂದಿರ್ತಾರೆ. ಆದ್ರೆ ಅಭ್ಯಾಸ ಹೋಗಿರಲ್ಲ. ಬೆಳಗ್ಗೆ ಆರಕ್ಕೆ ಎಚ್ಚರ ಆಗುತ್ತೆ, ವಾಕಿಂಗಿಗೆ ಬೆಲ್ಟು ಹುಡುಕೋಕೆ ಕೈ ಹೋಗುತ್ತೆ, ಚಪಾತಿ ಲಟ್ಟಿಸುವಾಗ ಒಂದು ಜಾಸ್ತಿ ಆಗುತ್ತೆ. ಕೆಂಚನ ಅಕ್ಕನಿಗೆ ಎರಡನೇ ವಾರ ಹೀಗೆ ಹೇಳಬಹುದು: "ಅಕ್ಕಾ, ಬೆಳಗ್ಗೆ ಆರಕ್ಕೆ ನಾನೂ ವಾಕಿಂಗ್ ಹೋಗ್ತೀನಿ, ನಿಮ್ಮ ಗೇಟ್ ಹತ್ರ ಬರ್ಲಾ? ಕೆಂಚನ ರೂಟಲ್ಲೇ ಬೇಡ ಅಂದ್ರೆ ಪಾರ್ಕ್ ಕಡೆ ಹೋಗೋಣ." ಒಂಟಿಯಾಗಿರೋ ಹಿರಿಯರಿಗೆ ಇದು ಇನ್ನೂ ಮುಖ್ಯ, ನಾಯಿ ನೆಪದಲ್ಲಿ ದಿನಾ ಎರಡು ಸಲ ಹೊರಗೆ ಬಂದು ನಾಲ್ಕು ಜನರ ಹತ್ರ ಮಾತಾಡ್ತಿದ್ರು, ಈಗ ಅದೂ ನಿಂತಿರುತ್ತೆ.

"ಇನ್ನೂ ಅದರದ್ದೇ ಯೋಚನೇಲಿದೀರಾ?" ಅಂತ ಕೇಳ್ಬೇಡಿ. ದುಃಖಕ್ಕೆ ಐದು ಹಂತ ಅಂತ ಹೇಳ್ತಾರಲ್ಲ, ಅದು 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್-ರಾಸ್ ಅವ್ರು ಸಾವಿನ ಅಂಚಲ್ಲಿದ್ದ ರೋಗಿಗಳ ಹತ್ರ ಮಾತಾಡಿ ಬರೆದಿದ್ದು, ಇವ್ರು ಎಷ್ಟನೇ ಹಂತದಲ್ಲಿದಾರೆ ಅಂತ ಅಳತೆ ಹಾಕೋಕೆ ಅಲ್ಲ. ಒಂದಿನ ನಕ್ಕು ಮಾರನೇ ದಿನ ಅತ್ರೆ ಹಿಂದಕ್ಕೆ ಹೋದ್ರು ಅಂತಲ್ಲ.

## ಅಪಾಯದ ಸೂಚನೆಗಳು

ಅಳು, ನಿದ್ದೆಗೇಡು, ಅವ್ನು ಬೊಗಳಿದ ಹಾಗೆ ಕೇಳ್ಸೋದು, ಬಾಗಿಲ ಹತ್ರ ಗೆಜ್ಜೆ ಸದ್ದಾದ ಹಾಗೆ ಅನ್ಸೋದು, ಇವೆಲ್ಲ ಮೊದಮೊದಲು ಸಹಜ, "ಹುಚ್ಚು ಹಿಡೀತಾ ನಂಗೆ" ಅಂತ ಕೇಳಿದ್ರೆ ಇಲ್ಲ ಅಂತ ಧೈರ್ಯವಾಗಿ ಹೇಳಿ.

ಆದ್ರೆ ವಾರಗಟ್ಟಲೆ ಸರಿಯಾಗಿ ಊಟ ಮಾಡ್ತಿಲ್ಲ, ಶುಗರ್ ಬಿಪಿ ಮಾತ್ರೆ ಬಿಟ್ಟಿದಾರೆ, ಕುಡಿತ ಜಾಸ್ತಿ ಆಗಿದೆ, ಮನೆಯಿಂದ ಹೊರಗೇ ಬರ್ತಿಲ್ಲ, "ಅವ್ನಿಲ್ದೆ ನಾನಿದ್ದು ಏನು ಮಾಡ್ಲಿ", "ಅವ್ನ ಹತ್ರಾನೇ ಹೋಗ್ಬಿಡ್ತೀನಿ" ಅಂತಾರೆ, ಇದ್ದಕ್ಕಿದ್ದಂಗೆ ವಸ್ತುಗಳನ್ನೆಲ್ಲ ಹಂಚೋಕೆ ಶುರು ಮಾಡಿದಾರೆ, ಆಗ ಇದು ಬರೀ ಸಮಾಧಾನದ ಮಾತಿಗೆ ಬಗ್ಗೋ ವಿಷಯ ಅಲ್ಲ. ನೇರವಾಗೇ ಕೇಳಿ: "ಸಾಯ್ಬೇಕು ಅನ್ನೋ ಯೋಚನೆ ಬರ್ತಿದ್ಯಾ?" ಕೇಳೋದ್ರಿಂದ ಹೊಸದಾಗಿ ಆ ಯೋಚನೆ ಹುಟ್ಟಲ್ಲ. ಹೌದು ಅಂದ್ರೆ ಒಬ್ರನ್ನೇ ಬಿಡ್ಬೇಡಿ, ಮನೆಯವ್ರನ್ನ ಸೇರ್ಸ್ಕೊಳ್ಳಿ, ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಅದು ದಿನದ ಇಪ್ಪತ್ನಾಲ್ಕು ಗಂಟೆ ಇರೋ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸ್ಪೀಕರ್ ಹಾಕ್ಕೊಂಡು ಪಕ್ಕದಲ್ಲಿ ಕೂತಿರಿ. "ನಾಯಿಗೋಸ್ಕರ ಫೋನ್ ಮಾಡಿದ್ರೆ ಅವ್ರು ನಗಲ್ವಾ" ಅಂತ ಹಿಂಜರಿದ್ರೆ ಮೊದಲ ಮಾತು ನೀವೇ ಆಡಿ, ಆಮೇಲೆ ಫೋನ್ ಅವ್ರ ಕೈಗೆ ಕೊಡಿ.

## ಹೊಸ ನಾಯಿ ಬಂದಾಗ

ಕೆಲವ್ರು ಒಂದು ತಿಂಗಳಿಗೇ ತರ್ತಾರೆ, ಕೆಲವ್ರು ಇನ್ನು ಸಾಕು ಅಂತಾರೆ, ಎರಡಕ್ಕೂ ಹುಬ್ಬೇರಿಸ್ಬೇಡಿ. ಬಂದ ಮೇಲೆ "ಥೇಟ್ ಕೆಂಚನ ಥರಾನೇ ಇದೆ", "ಕೆಂಚ ಇಷ್ಟು ತರಲೆ ಇರ್ಲಿಲ್ಲ" ಅಂತ ಹೋಲಿಸೋದು ಬೇಡ. ಬಾಯಿ ತಪ್ಪಿ ಹೊಸದನ್ನ ಹಳೇ ಹೆಸರಲ್ಲಿ ಕರೆದ್ರೆ, ಮನೆಯವ್ರೂ ದಿನಕ್ಕೆ ನಾಲ್ಕು ಸಲ ಹಾಗೇ ಕರೀತಿರ್ತಾರೆ, ದೊಡ್ಡ ಕ್ಷಮಾಪಣೆ ಎಲ್ಲ ಬೇಡ, ಹೊಸ ಹೆಸರು ಏನಿಟ್ರಿ ಅಂತ ಕೇಳಿ ಮಾತು ಮುಂದುವರಿಸಿ.